ಯಾವ ಕಚೇರಿ? ಮೇಷ್ಟ್ರ ಕೆಲಸ ಮತ್ತು ವೇದಿಕೆಯ ನಡುವೆ ನಿಂತ ಒಬ್ಬ ಪಿಟೀಲು ವಾದಕನ ಕಥೆ, ಲೆಕ್ಕಸಹಿತ

ಕನ್ನಡದಲ್ಲಿ ಕಚೇರಿ ಎಂಬ ಪದ ಎರಡು ಕಡೆ ದುಡಿಯುತ್ತದೆ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಜಾಗವೂ ಕಚೇರಿ, ಸಂಜೆ ತಂಬೂರಿಯ ಮುಂದೆ ಕುಳಿತು ನುಡಿಸುವುದೂ ಕಚೇರಿ. ಸಂಗೀತದಲ್ಲಿ ಎಂ.ಎ. ಮುಗಿಸಿದ ಹುಡುಗ ಹುಡುಗಿಯರು ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುತ್ತಲೇ ಇರುತ್ತಾರೆ. ಪಕ್ಕವಾದ್ಯ ನುಡಿಸುತ್ತ ಇಪ್ಪತ್ತು ವರ್ಷ ಕಳೆದಿರುವ ನಾನು ಇದಕ್ಕೆ ನೇರವಾದ ಉತ್ತರ ಕೊಡುವ ಬದಲು ಒಂದು ಕಥೆ ಹೇಳುತ್ತೇನೆ. ಕಥೆಯ ಹುಡುಗ ಕಲ್ಪಿತನಾದ್ದರಿಂದ ಅವನ ಡೈರಿಯ ಅಂಕಿಗಳೂ ಕಲ್ಪಿತವೇ; ಆದರೆ ಅವನು ಲೆಕ್ಕ ಹಾಕಿದ ವಿಧಾನವನ್ನು ಯಾರು ಬೇಕಾದರೂ ತಮ್ಮ ಡೈರಿಯ ಮೇಲೆ ಪ್ರಯೋಗಿಸಿ ನೋಡಬಹುದು.

ಹುಡುಗ ಮೈಸೂರಿನವನು, ವಯಸ್ಸು 27. ವಿದ್ವತ್ ಪರೀಕ್ಷೆ ಮುಗಿದಿದೆ, ಎಂ.ಎ. ಆಗಿದೆ, ಮೂರು ವರ್ಷದಿಂದ ಗಾಯಕರಿಗೆ ಪಿಟೀಲು ನುಡಿಸುತ್ತಿದ್ದಾನೆ. ಒಂದು ದಿನ ಅವನಿಗೆ ಕೇಂದ್ರೀಯ ವಿದ್ಯಾಲಯದಲ್ಲಿ ಪ್ರಾಥಮಿಕ ಹಂತದ ಸಂಗೀತ ಶಿಕ್ಷಕನಾಗಿ ನೇಮಕವಾದ ಪತ್ರ ಬಂತು. ಸ್ಥಳ ಮಧ್ಯಪ್ರದೇಶದ ಒಂದು ಊರು. ಅಪ್ಪ ಪತ್ರವನ್ನು ದೇವರ ಮುಂದೆ ಇಟ್ಟರು. ಅಮ್ಮ ಊರಿನ ಹೆಸರನ್ನು ಎರಡು ಸಲ ಓದಿಸಿ, ಅಲ್ಲಿ ಚಳಿ ಹೆಚ್ಚೇ ಎಂದು ಕೇಳಿದರು. ಹುಡುಗ ಪತ್ರ ಎತ್ತಿಕೊಂಡು ತನ್ನ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಪತ್ರವನ್ನು ಪಕ್ಕಕ್ಕಿಟ್ಟು, “ನಿನ್ನ ಹೋದ ವರ್ಷದ ಡೈರಿ ಎಲ್ಲಿದೆಯಪ್ಪ? ಮೊದಲು ಅದನ್ನ ತಗೊಂಬಾ,” ಎಂದರು.

ಮೊದಲು ಅಳತೆಗೋಲು

ಭದ್ರತೆ ಮತ್ತು ಕಲೆ ಎಂಬ ಎರಡು ದೊಡ್ಡ ಪದಗಳನ್ನು ತಕ್ಕಡಿಯಲ್ಲಿಟ್ಟರೆ ಮುಳ್ಳು ಅಲುಗಾಡುತ್ತಲೇ ಇರುತ್ತದೆ. ಮೇಷ್ಟ್ರು ಅವನಿಗೆ ನಾಲ್ಕು ಪ್ರಶ್ನೆಗಳನ್ನು ಬರೆಸಿದರು, ಎಲ್ಲವೂ ಎಣಿಸಿ ಉತ್ತರಿಸಬಹುದಾದಂಥವು. ಮನೆ ನಡೆಯಲು ವರ್ಷಕ್ಕೆ ಎಷ್ಟು ಬೇಕು, ಅದರಲ್ಲಿ ಎಷ್ಟು ತಪ್ಪದೆ ಬರುತ್ತದೆ? ಹೋದ ವರ್ಷ ನುಡಿಸಿದ ದಿನಗಳಲ್ಲಿ ಎಷ್ಟು ದಿನ ಹೊಸ ವ್ಯವಸ್ಥೆಯಲ್ಲೂ ಕೈಗೆ ಸಿಗುತ್ತಿದ್ದವು? ದಿನದ ಸಾಧನೆಗೆ ಯಾವ ಹೊತ್ತು ಉಳಿಯುತ್ತದೆ? ಆಯ್ಕೆ ತಪ್ಪಾದರೆ ಹಿಂದಿರುಗುವ ದಾರಿ ಯಾವ ವಯಸ್ಸಿನವರೆಗೆ ತೆರೆದಿರುತ್ತದೆ?

ನಾಲ್ಕರಲ್ಲಿ ಎರಡನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಸಂಬಳವನ್ನು ಸಂಭಾವನೆಯ ಪಕ್ಕದಲ್ಲಿಟ್ಟು ನೋಡುತ್ತಾರೆಯೇ ಹೊರತು ದಿನಗಳನ್ನು ಎಣಿಸುವುದಿಲ್ಲ. ಪಕ್ಕವಾದ್ಯದವನ ಬಂಡವಾಳವೇ ದಿನಗಳು. ಗಾಯಕರು ಕರೆದಾಗ ಅವನು ಊರಿನಲ್ಲಿರಬೇಕು. ಮೂರು ಸಲ “ಆಗುವುದಿಲ್ಲ” ಎಂದರೆ ನಾಲ್ಕನೆಯ ಸಲ ಫೋನು ಬೇರೆ ಮನೆಯಲ್ಲಿ ಗುನುಗುತ್ತದೆ, ಅದರಲ್ಲಿ ಯಾರ ಕೋಪವೂ ಇರುವುದಿಲ್ಲ.

ಡೈರಿ ಹೇಳಿದ್ದು

ಹೋದ ವರ್ಷ ಅವನು ನುಡಿಸಿದ್ದು 46 ಕಚೇರಿ. ರಾಮನವಮಿಯ ಋತುವಾದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 13. ಗೌರಿ ಗಣೇಶದಿಂದ ದಸರೆಯವರೆಗಿನ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರಿನಲ್ಲಿ 15. ಚೆನ್ನೈನ ಮಾರ್ಗಳಿ ಸಂಗೀತ ಋತುವೂ ಸೇರಿದ ಡಿಸೆಂಬರ್ ಮತ್ತು ಜನವರಿಯಲ್ಲಿ 9. ಉಳಿದ ಐದು ತಿಂಗಳಿಗೆಲ್ಲ ಸೇರಿ 9 ಮಾತ್ರ, ಆಷಾಢದ ಜುಲೈಯಲ್ಲಿ ಒಂದೂ ಇಲ್ಲ. ಒಂದಕ್ಕೆ ಸರಾಸರಿ 4,500 ರೂಪಾಯಿಯಂತೆ 2,07,000 ಬಂದಿತ್ತು. ಬಸ್ಸು, ಆಟೋ, ಹೊರಗಿನ ಊಟಕ್ಕೆ ತನ್ನ ಜೇಬಿನಿಂದ ಹೋದ 31,000 ಕಳೆದರೆ ಉಳಿದದ್ದು 1,76,000. ಮನೆಗೆ ಅವನು ಕೊಡಬೇಕಾದ ಪಾಲು ಮತ್ತು ಅವನ ಸ್ವಂತ ಖರ್ಚು ಸೇರಿ ತಿಂಗಳಿಗೆ 25,000, ಅಂದರೆ ವರ್ಷಕ್ಕೆ ಮೂರು ಲಕ್ಷ. ಕೊರತೆ 1,24,000. ಇಲ್ಲಿಯವರೆಗಿನದು ಅವನಿಗೆ ಅಂದಾಜಿನಲ್ಲಿ ಗೊತ್ತಿದ್ದ ವಿಷಯವೇ.

ಗೊತ್ತಿಲ್ಲದಿದ್ದದ್ದು ಮೇಷ್ಟ್ರು ಹಾಕಿಸಿದ ಇನ್ನೊಂದು ಪಟ್ಟಿಯಿಂದ ಹೊರಬಿತ್ತು. ಪ್ರತಿ ಕಚೇರಿಯ ಮುಂದೆ ಅದು ಯಾರಿಂದ ಬಂತೆಂದು ಬರೆಯಲು ಹೇಳಿದಾಗ, 46ರಲ್ಲಿ 29 ಇಬ್ಬರೇ ಗಾಯಕರಿಂದ ಬಂದದ್ದೆಂದು ಕಂಡಿತು. ಅದರಲ್ಲೂ 17 ಒಬ್ಬ ಹಿರಿಯ ಗಾಯಕಿಯಿಂದ. ಆಕೆ ಒಂದು ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋದರೆ ಅವನ ವರಮಾನ 1,10,000ದ ಆಸುಪಾಸಿಗೆ ಇಳಿಯುತ್ತದೆ. ವೇದಿಕೆಯ ಬದುಕೆಂದರೆ ಯಾರ ಕೈಕೆಳಗೂ ಇಲ್ಲದ ಬದುಕೆಂದು ಅವನು ನಂಬಿದ್ದ. ನೇಮಕಾತಿ ಪತ್ರ ಕೊಡದ ಇಬ್ಬರು ಯಜಮಾನರು ತನಗೆ ಆಗಲೇ ಇದ್ದಾರೆಂಬುದು ಡೈರಿ ನೋಡಿದ ಮೇಲೆ ತಿಳಿಯಿತು.

ಇದು ಪಕ್ಕವಾದ್ಯದ ಸ್ವಭಾವವೇ. ಗಾಯಕರ ಆಲಾಪನೆಯನ್ನು ನೆರಳಿನಂತೆ ಹಿಂಬಾಲಿಸಿ, ಅವರು ನಿಲ್ಲಿಸಿದ ಸ್ವರದಲ್ಲೇ ನಿಂತು, ತನ್ನ ಸರದಿ ಬಂದಾಗ ಅದೇ ರಾಗವನ್ನು ಅವರ ಅಳತೆ ಮೀರದಂತೆ ನುಡಿಸಲು ಇಬ್ಬರಿಗೂ ಬಳಕೆ ಬೇಕು. ಆ ಬಳಕೆ ಬೆಳೆದ ಮೇಲೆ ಗಾಯಕರು ಬೇರೆಯವರನ್ನು ಹುಡುಕಲು ಇಷ್ಟಪಡುವುದಿಲ್ಲ, ವಾದಕನೂ ಅಲ್ಲೇ ಹಾಯಾಗಿ ನೆಲೆಯೂರುತ್ತಾನೆ. ಹೀಗಾಗಿ ವೇದಿಕೆಯ ಅಪಾಯವನ್ನು ಅಳೆಯುವಾಗ ವರ್ಷಕ್ಕೆ ಎಷ್ಟು ಕಚೇರಿ ಎಂಬ ಪ್ರಶ್ನೆಗಿಂತ, ಐದಕ್ಕಿಂತ ಹೆಚ್ಚು ಕಚೇರಿ ಕೊಟ್ಟ ಗಾಯಕರು ಎಷ್ಟು ಜನ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಅವನ ಉತ್ತರ ಎರಡು.

ಹುಡುಗಿಯರ ಡೈರಿಯಲ್ಲಿ ಈ ಸಂಖ್ಯೆಯನ್ನು ಇನ್ನೂ ಎಚ್ಚರದಿಂದ ನೋಡಬೇಕಾಗುತ್ತದೆ, ಏಕೆಂದರೆ ಹೆಣ್ಣುಮಕ್ಕಳ ಪಕ್ಕವಾದ್ಯ ಬೇಡವೆನ್ನುವ ಗಾಯಕರ ಕಾಲ ಪೂರ್ತಿಯಾಗಿ ಮುಗಿದಿದೆಯೆಂದು ನಾನು ಹೇಳಲಾರೆ.

ಮೊದಲ ಆಯ್ಕೆ: ಕಾಯಂ ಹುದ್ದೆ

ಹಣದ ಪ್ರಶ್ನೆಯನ್ನು ಇದು ಒಂದೇ ಏಟಿಗೆ ಮುಗಿಸುತ್ತದೆ. ಈ ಹುದ್ದೆ ಏಳನೇ ವೇತನ ಆಯೋಗದ ಆರನೇ ಹಂತದ್ದು. ಆರಂಭದ ಮೂಲವೇತನ 35,400 ರೂಪಾಯಿ. 2024ರಿಂದೀಚೆಗೆ ತುಟ್ಟಿಭತ್ಯೆ ಮೂಲವೇತನದ ಅರ್ಧಕ್ಕೆ ಮುಟ್ಟಿ, ಮೇಲಕ್ಕೂ ಹೋಗಿರುವುದರಿಂದ, ಮನೆ ಬಾಡಿಗೆ ಭತ್ಯೆ ಕಡಿಮೆಯಿರುವ ಸಣ್ಣ ಊರಿನಲ್ಲೂ ಪಿಂಚಣಿ ವಂತಿಗೆ ಕಳೆದು ಐವತ್ತು ಸಾವಿರ ಕೈಗೆ ಬರುತ್ತದೆ. ಅವನ ಮನೆಗೆ ಬೇಕಾದ್ದರ ಎರಡರಷ್ಟು. 2020ರ ಮಾರ್ಚ್ 25ರಂದು, ಅಂದರೆ ಯುಗಾದಿಯ ದಿನವೇ, ಲಾಕ್‌ಡೌನ್ ಶುರುವಾಗಿ ಆ ವರ್ಷದ ರಾಮನವಮಿಯ ಪೆಂಡಾಲುಗಳೇ ಏಳದಿದ್ದಾಗ ಪಕ್ಕವಾದ್ಯದವರ ಮನೆಗಳು ಹೇಗಿದ್ದವೆಂದು ಬಲ್ಲವರು ಈ ಅಂಕಿಯನ್ನು ಹಗುರವಾಗಿ ಕಾಣುವುದಿಲ್ಲ.

ಆದರೆ ದಿನಗಳು? ಮೇಷ್ಟ್ರು ಹುಡುಗನ ಕೈಗೆ ಕೆಂಪು ಪೆನ್ನು ಕೊಟ್ಟು, ಮಧ್ಯಪ್ರದೇಶದಲ್ಲಿದ್ದಿದ್ದರೆ ನುಡಿಸಲಾಗದಿದ್ದ ಕಚೇರಿಗಳನ್ನೆಲ್ಲ ಹೊಡೆದುಹಾಕಲು ಹೇಳಿದರು. ಬೇಸಿಗೆ ರಜೆಯಲ್ಲಿ ಬಿದ್ದ ಕೆಲವು, ದಸರೆಯ ರಜೆಯಲ್ಲಿ ಬಿದ್ದ ಎರಡು ಮೂರು, ಡಿಸೆಂಬರಿನ ಕೊನೆಯ ವಾರದ ಒಂದೆರಡು ಉಳಿದವು. 46ರಲ್ಲಿ 9. ಏಪ್ರಿಲ್‌ನಲ್ಲಿ ಹೊಸ ತರಗತಿಗಳು ಶುರುವಾಗುವುದರಿಂದ ರಾಮನವಮಿಯ ಮೊದಲರ್ಧ ಹೋಯಿತು. ಗಣೇಶೋತ್ಸವ ಪೂರ್ತಿ ಹೋಯಿತು. ಮೈಸೂರಿನ ವಾದಕನಿಗೆ ವಿ.ವಿ. ಮೊಹಲ್ಲದ ಎಂಟನೇ ಕ್ರಾಸಿನ ಗಣೇಶೋತ್ಸವ ತಪ್ಪುವುದೆಂದರೆ ಒಂದು ಸಂಭಾವನೆ ತಪ್ಪಿದಂತಲ್ಲ, ಊರಿನ ಕೇಳುಗರೂ ಹೊರಗಿನಿಂದ ಬಂದ ಗಾಯಕರೂ ಒಟ್ಟಿಗೆ ಅವನನ್ನು ನೋಡುವ ಸಂದರ್ಭವೇ ತಪ್ಪಿದಂತೆ.

ಆಮೇಲೆ ಮೇಷ್ಟ್ರು ನೀಲಿ ಪೆನ್ನು ಕೊಟ್ಟು, ಅದೇ ಹುದ್ದೆ ಹಾಸನದಲ್ಲಿ ಸಿಕ್ಕಿದ್ದರೆ ಎಂದು ಇನ್ನೊಮ್ಮೆ ಎಣಿಸಲು ಹೇಳಿದರು. ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿದರೆ ಆರು ಗಂಟೆಯ ಕಚೇರಿಗೆ ಉಸಿರು ಬಿಡುವಷ್ಟು ಹೊತ್ತಿಗೆ ತಲುಪಬಹುದು, ರಾತ್ರಿಯೇ ಹಿಂದಿರುಗಿ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಹಾರ್ಮೋನಿಯಂ ಮುಂದೆ ಇರಬೇಕು. ಹೀಗೆ ವಾರದ ನಡುವೆ ಒಂದಕ್ಕಿಂತ ಹೆಚ್ಚು ಮಾಡಲಾಗದೆಂದು ಇಟ್ಟುಕೊಂಡರೂ 27 ಉಳಿದವು. ಒಂದೇ ಹುದ್ದೆ, ಒಂದೇ ಸಂಬಳ, ಒಂದು ಊರಲ್ಲಿ 9, ಇನ್ನೊಂದರಲ್ಲಿ 27. ಸರಕಾರಿ ಕೆಲಸ ಕಲಾವಿದನನ್ನು ಕೊಲ್ಲುತ್ತದೆ ಎನ್ನುವವರೂ ಉಳಿಸುತ್ತದೆ ಎನ್ನುವವರೂ ಊರಿನ ಹೆಸರು ಕೇಳದೆ ಮಾತನಾಡುತ್ತಾರೆ. ಗಾಯಕ ಆರ್.ಕೆ. ಶ್ರೀಕಂಠನ್ ಮತ್ತು ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಅವರು ಆಕಾಶವಾಣಿಯ ನೌಕರಿಯಲ್ಲಿದ್ದುಕೊಂಡೇ ದೊಡ್ಡ ಕಲಾವಿದರಾಗಿ ಉಳಿದರೆಂದು ಉದಾಹರಣೆ ಕೊಡುವುದುಂಟು. ಉದಾಹರಣೆ ನಿಜ. ಆದರೆ ಅವರ ನೌಕರಿ ಇದ್ದದ್ದು ಅವರ ಕೇಳುಗರ ಊರಿನಲ್ಲಿ, ಕೆಲಸವೂ ಅವರ ಸಂಗೀತವೇ ಆಗಿತ್ತು.

ಪ್ರಾಥಮಿಕ ಶಾಲೆಯ ಸಂಗೀತ ಶಿಕ್ಷಕನ ಕೆಲಸ ಅಂಥದ್ದಲ್ಲ. ಬೆಳಗಿನ ಸಭೆಯ ಪ್ರಾರ್ಥನೆ, ದೇಶಭಕ್ತಿ ಗೀತೆಗಳು, ವಾರ್ಷಿಕೋತ್ಸವದ ತಯಾರಿ, ಬೇರೆ ಬೇರೆ ಭಾಷೆಗಳ ಸಮೂಹಗಾನ, ಅವುಗಳ ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯುವುದು. ಪಿಟೀಲು ಹೊರಬರುವ ಸಂದರ್ಭ ಕಡಿಮೆ. ಇದು ಕೀಳು ಕೆಲಸವಲ್ಲ, ಮಕ್ಕಳಿಗೆ ಹಾಡು ಕಲಿಸುವುದರಲ್ಲಿ ನಿಜವಾದ ಸಂತೋಷ ಕಾಣುವವರು ಈ ಹುದ್ದೆಯನ್ನು ಯೋಚಿಸದೆ ಹಿಡಿಯಬೇಕು. ಆದರೆ ದಿನವಿಡೀ ಹಾರ್ಮೋನಿಯಂನ ಸ್ಥಿರ ಸ್ವರಗಳಿಗೆ ಒಗ್ಗಿದ ಕಿವಿ ತೋಡಿಯ ಗಾಂಧಾರವನ್ನು ಸಂಜೆ ಒಂದು ಗಂಟೆಯ ಸಾಧನೆಯಲ್ಲಿ ಮತ್ತೆ ಹಿಡಿಯಬೇಕಾಗುತ್ತದೆ. ಮಧ್ಯಾಹ್ನದ ಬಿಡುವು ಇರುವುದು ನಿಜ. ಆರು ಪೀರಿಯಡ್ ಗಂಟಲು ಹರಿದುಕೊಂಡು ಬಂದವರಿಗೆ ಅದು ನಿದ್ದೆಗೆ ಹೋಗುತ್ತದೆ ಎಂಬುದೂ ನಿಜ.

ನಿಯಮದ ಮಾತು ಒಂದಿದೆ. ಕೇಂದ್ರ ಸರಕಾರಿ ನೌಕರರ ನಡತೆ ನಿಯಮಗಳು ಇಲ್ಲಿ ಅನ್ವಯಿಸುತ್ತವೆ, ಅವುಗಳ ಪ್ರಕಾರ ಕರ್ತವ್ಯಕ್ಕೆ ತೊಂದರೆಯಾಗದಂತೆ ಆಗೊಮ್ಮೆ ಈಗೊಮ್ಮೆ ಸಾಹಿತ್ಯ, ಕಲೆಯ ಕೆಲಸ ಮಾಡಲು ಅಡ್ಡಿಯಿಲ್ಲ. ವರ್ಷಕ್ಕೆ 9 ಕಚೇರಿ ಆ ಮಾತಿನೊಳಗೆ ಸಲೀಸಾಗಿ ಕೂರುತ್ತದೆ. 27 ಕೂರುತ್ತದೆಯೇ ಎಂಬುದು ಮೇಲಧಿಕಾರಿಯ ಮನಸ್ಸಿಗೆ ಬಿಟ್ಟದ್ದು, ಆದ್ದರಿಂದ ಸಂಭಾವನೆ ಪಡೆಯುವವರು ಮೊದಲೇ ಲಿಖಿತ ಅನುಮತಿ ಪಡೆಯುವುದು ಒಳ್ಳೆಯದು. ಖಾಸಗಿ ಪಾಠ ಹೇಳುವುದನ್ನಂತೂ ಪೂರ್ತಿಯಾಗಿ ಬಿಡಬೇಕು.

ಎರಡನೆಯದು: ವೇದಿಕೆ ಮಾತ್ರ

ಸಾಧನೆಗೆ ಹೊತ್ತು, 46 ದಿನಗಳೂ ಉಳಿಯುವ ನಿಶ್ಚಿಂತೆ, ಇನ್ನೂ ಹತ್ತಿಪ್ಪತ್ತು ಸೇರಿಸಿಕೊಳ್ಳುವ ಅವಕಾಶ ಇದರಲ್ಲಿದೆ. ಹಣದಲ್ಲಿ 1,24,000ದ ಹಳ್ಳ ಇದೆ, ಅದೂ ಸಮನಾಗಿ ಹಂಚಿಕೊಂಡ ಹಳ್ಳವಲ್ಲ. ತಂಗಿಯ ಕಾಲೇಜಿನ ಶುಲ್ಕ ಕಟ್ಟುವ ಜೂನ್ ಜುಲೈಯಲ್ಲೇ ಅತಿ ಆಳ. ಅಪ್ಪನ ಮನೆ ಸ್ವಂತದ್ದಾಗಿದ್ದು, ಎರಡು ವರ್ಷದ ಖರ್ಚು ಬ್ಯಾಂಕಿನಲ್ಲಿ ಇರುವವರು ಈ ದಾರಿ ಹಿಡಿದರೆ ನಾನು ತಡೆಯುವುದಿಲ್ಲ. ನಮ್ಮ ಹುಡುಗನಿಗೆ ಅದಿರಲಿಲ್ಲ. ಸಾಲ ಮಾಡಿಕೊಂಡು ವೇದಿಕೆಯಲ್ಲಿ ನಿಂತವನು ಕರೆದ ಕಡೆಗೆಲ್ಲ ಹೋಗಬೇಕಾಗುತ್ತದೆ. ಆರತಕ್ಷತೆಯ ಊಟದ ಗದ್ದಲದಲ್ಲಿ ಮೈಕು ಕಿರುಚುವಾಗ ಮೂರು ಗಂಟೆ ಎಳೆದ ಕಮಾನಿನ ಕೈ, ಮರುದಿನದ ಸಂಗೀತ ಸಭೆಯ ಕಚೇರಿಯಲ್ಲಿ ಒರಟಾಗಿಯೇ ಇರುತ್ತದೆ. ಅದನ್ನು ಮೊದಲು ಗಮನಿಸುವವರು ಗಾಯಕರು, ಕೊನೆಗೆ ಗಮನಿಸುವವನು ವಾದಕ.

ಅವನು ಧೈರ್ಯ ಮಾಡಿ ಆ ಹಿರಿಯ ಗಾಯಕಿಯ ಮನೆಗೆ ಹೋಗಿ ಮುಂದಿನ ವರ್ಷ ಎಷ್ಟು ಕಚೇರಿಗೆ ಕರೆಯಬಹುದೆಂದು ಕೇಳಿದ. ಆಕೆ ಕಾಫಿ ಲೋಟ ಕೆಳಗಿಟ್ಟು ನಕ್ಕರು. “ಅದನ್ನ ನಾನು ಹೇಗಪ್ಪ ಹೇಳ್ಲಿ? ಸಭೆಯವರು ನನ್ನನ್ನ ಎಷ್ಟು ಸಲ ಕರೀತಾರೆ ಅನ್ನೋದೇ ನನಗೆ ಗೊತ್ತಿಲ್ವಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ನೀನು ನನ್ನ ಜೊತೆ ಮಾತ್ರ ನುಡಿಸ್ತಾ ಇರಬೇಡ,” ಎಂದೂ ಸೇರಿಸಿದರು.

ಮೂರನೆಯದು: ಎರಡು ಕಾಲು, ಎರಡು ದೋಣಿ

ಮೈಸೂರಿನಲ್ಲೇ ಒಂದು ಖಾಸಗಿ ಶಾಲೆ ವಾರಕ್ಕೆ ಮೂರು ಬೆಳಿಗ್ಗೆ ಬರಲು ತಿಂಗಳಿಗೆ 12,000 ಕೊಡುತ್ತೇನೆಂದಿತ್ತು, ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಅಮೆರಿಕದ ಕನ್ನಡಿಗರ ಮನೆಗಳ ಐದು ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿದರೆ, ಅವರ ರಜೆ ಕಳೆದು, 1,25,000 ಬರಬಹುದು. ಕಚೇರಿಗಳ ಹಣ ಸೇರಿಸಿದರೆ ಒಟ್ಟು 4,21,000. ಹಿರಿಯ ಗಾಯಕಿಯ 17 ಕಚೇರಿ ಪೂರ್ತಿ ಹೋದರೂ ಮೂರೂವರೆ ಲಕ್ಷ ಮುಟ್ಟುತ್ತದೆ. ಕೆಂಪು ನೀಲಿ ಪೆನ್ನುಗಳ ಪರೀಕ್ಷೆಯಲ್ಲಿ 46ರಲ್ಲಿ 41 ಉಳಿದವು.

ಅಂಕಿಗಳು ಇಷ್ಟು ಚೆನ್ನಾಗಿ ಕಂಡಾಗಲೇ ಅನುಮಾನಪಡಬೇಕು. ಈ ಆಯ್ಕೆಯ ಬೆಲೆ ಮೂರನೆಯ ಪ್ರಶ್ನೆಯಲ್ಲಿ ಅಡಗಿದೆ. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ ಏಳೂವರೆಯೋ ಎಂಟೂವರೆಯೋ ಆದಾಗ ಇಲ್ಲಿ ಬೆಳಗಿನ ಆರು. ಅದು ಅವನು ಹನ್ನೆರಡನೇ ವಯಸ್ಸಿನಿಂದ ಸಾಧನೆಗೆ ಕೂರುತ್ತಿದ್ದ ಹೊತ್ತು. ಮೂರೂವರೆ ಗಂಟೆಯ ಸಾಧನೆ ಎರಡಕ್ಕಿಳಿಯುತ್ತದೆ. ಆನ್‌ಲೈನ್ ಪಾಠ ವಾದಕನ ಕೈಯನ್ನು ಬೆಳೆಸುವುದೂ ಇಲ್ಲ: ಧ್ವನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲಾಗದು, ತಾಳ ಹಾಕಿ ಹಿಡಿಯಲಾಗದು, ಗದ್ದಲ ತೆಗೆಯುವ ಸೌಲಭ್ಯವನ್ನು ಬಂದ್ ಮಾಡದಿದ್ದರೆ ತಂತ್ರಾಂಶ ತಂಬೂರಿಯನ್ನೇ ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. ಪಿಂಚಣಿ ಇಲ್ಲ, ಕಾಯಿಲೆಯ ರಜೆಗೆ ಸಂಬಳವಿಲ್ಲ. ಭುಜ ಹಿಡಿದುಕೊಂಡರೆ ಕಚೇರಿ ಮತ್ತು ಪಾಠ ಎರಡೂ ಒಂದೇ ದಿನ ನಿಲ್ಲುತ್ತವೆ. ಹೀಗೆ ಐದು ವರ್ಷ ಕಳೆದು, ಒಳ್ಳೆಯ ಶಿಕ್ಷಕನೂ ಆಗದೆ, ವೇದಿಕೆಯಲ್ಲೂ ಮೇಲೇರದೆ ಉಳಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಸೋಮಾರಿಗಳಲ್ಲ, ಗಡುವು ಹಾಕಿಕೊಳ್ಳದವರು.

ಹಿಂದಿರುಗುವ ದಾರಿ

ನಾಲ್ಕನೆಯ ಪ್ರಶ್ನೆ ಅವನನ್ನು ಎರಡು ರಾತ್ರಿ ಎಚ್ಚರವಾಗಿರಿಸಿತು. ಈ ಹುದ್ದೆಗೆ ಸಾಮಾನ್ಯ ವರ್ಗದ ಗರಿಷ್ಠ ವಯಸ್ಸು 30. ದೊಡ್ಡ ನೇಮಕಾತಿಗಳೂ ಪ್ರತಿವರ್ಷ ಬರುವುದಿಲ್ಲ. 2018ರಲ್ಲಿ ಒಂದು ಬಂದ ಮೇಲೆ ಅಂಥದ್ದು ಮತ್ತೆ ಬಂದದ್ದು 2022ರ ಕೊನೆಗೆ. 27ರಲ್ಲಿ ಬಿಟ್ಟವನಿಗೆ 30ರೊಳಗೆ ಇನ್ನೊಂದು ಸಿಗುತ್ತದೆಂಬ ಭರವಸೆಯಿಲ್ಲ. ವೇದಿಕೆಯ ಬಾಗಿಲಿಗೆ ಇಂಥ ದಿನಾಂಕವಿಲ್ಲ, ಆದರೆ ಅದೂ ಮುಚ್ಚುತ್ತದೆ. ನಾಲ್ಕು ವರ್ಷ ಮಧ್ಯಪ್ರದೇಶದಲ್ಲಿದ್ದು ವರ್ಗಾವಣೆ ಪಡೆದು ಮೈಸೂರಿಗೆ ಬಂದವನಿಗೆ, ಅವನ ಗಾಯಕಿಯ ಪಕ್ಕದಲ್ಲಿ ಬೇರೆ ಹುಡುಗ ಚೆನ್ನಾಗಿಯೇ ನುಡಿಸುತ್ತಿರುವುದು ಕಾಣುತ್ತದೆ.

ಹಾಗಾಗಿ ಆಯ್ಕೆ ಮನೆಯ ಮೇಲೆ ನಿಂತಿತು. ಮನೆಯಲ್ಲಿ ದುಡಿಯುವವನು ಒಬ್ಬನೇ, ಸಾಲ ದೊಡ್ಡದು, ಅಪ್ಪ ಅಮ್ಮನಿಗೆ ಔಷಧಿಯ ಖರ್ಚಿದೆ ಎಂದಿದ್ದರೆ ಮಧ್ಯಪ್ರದೇಶವಾದರೂ ಹೋಗುವುದೇ ಸರಿಯೆಂದು ಮೇಷ್ಟ್ರು ಹೇಳುತ್ತಿದ್ದರು. ಹಾಸನ ಸಿಕ್ಕಿದ್ದರೆ ಯಾವ ಮನೆಯವನಿಗೂ ಹೋಗೆಂದೇ ಹೇಳುತ್ತಿದ್ದರು. ಇವನ ಅಪ್ಪನಿಗೆ ಇನ್ನೂ ಮೂರು ವರ್ಷ ಕೆಲಸವಿತ್ತು, ಸಾಲವೂ ಮುಗಿಯುತ್ತ ಬಂದಿತ್ತು. ಆ ಮೂರು ವರ್ಷವನ್ನೇ ಅವನು ಗಡುವು ಮಾಡಿಕೊಂಡು ಮೂರನೆಯ ದಾರಿ ಹಿಡಿದ. ಡೈರಿಯ ಕೊನೆಯ ಪುಟದಲ್ಲಿ ಎರಡು ಷರತ್ತು ಬರೆದ: ಮುಂದಿನ ವಿಜಯದಶಮಿಗೆ, ಐದಕ್ಕಿಂತ ಹೆಚ್ಚು ಕಚೇರಿಗೆ ಕರೆದ ಗಾಯಕರು ಎರಡರಿಂದ ನಾಲ್ಕಾಗಬೇಕು, ಆಗದಿದ್ದರೆ, 30 ತುಂಬುವುದರೊಳಗೆ ಬರುವ ಪ್ರತಿಯೊಂದು ಹುದ್ದೆಗೂ, ಯಾವ ಊರಾದರೂ ಸರಿ, ಅರ್ಜಿ ಹಾಕಬೇಕು. ಅಪ್ಪ ಓದಿ, “ಇದಕ್ಕೂ ಸಹಿ ಹಾಕು,” ಎಂದರು. ಹಾಕಿದ.

ಹುದ್ದೆ ಬೇಡವೆಂಬ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿ ಅಂಚೆ ಕಚೇರಿಯ ಮೆಟ್ಟಿಲಿಳಿಯುವಾಗ ಫೋನು ಬಂತು. ಅವನು ಎಂದೂ ನುಡಿಸಿರದ ಒಬ್ಬ ಗಾಯಕಿ. ಗುರುವಾರ ಶಿವಮೊಗ್ಗದಲ್ಲಿ ಕಚೇರಿ, ಪಿಟೀಲಿನವರಿಗೆ ಜ್ವರವಂತೆ. ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಅವನ ಶಾಲೆಯ ಮೊದಲ ದಿನ. “ಬರ್ತೀನಿ ಮೇಡಂ. ಶ್ರುತಿ ಎಷ್ಟು ಕಟ್ಟೆ?” ಎಂದು ಕೇಳಿದ. ಐದೂವರೆ ಎಂದರು. ಮೆಟ್ಟಿಲ ಮೇಲೆಯೇ ಕುಳಿತು ಡೈರಿ ತೆಗೆದು, ಹೊಸ ಹೆಸರನ್ನೂ ಅದರ ಪಕ್ಕದಲ್ಲಿ ಶಿವಮೊಗ್ಗದಿಂದ ಮೈಸೂರಿಗೆ ಹೊರಡುವ ರಾತ್ರಿ ಬಸ್ಸಿನ ಹೊತ್ತನ್ನೂ ಬರೆದುಕೊಂಡ.